ಕೊನೆಯ ಸಿಗರೇಟಿನ ನಂತರ: ನಾಡಿ ಮೊದಲು ಇಳಿಯುತ್ತದೆ, ಕಫ ನಿಧಾನಕ್ಕೆ

ಸಿಗರೇಟು ಬಿಟ್ಟವರಲ್ಲಿ ಬಹಳ ಮಂದಿ ಮೊದಲ ವಾರದಲ್ಲೇ ಹೇಳುವ ಮಾತು ಒಂದಿದೆ. "ಸೇದುವಾಗಲೇ ಚೆನ್ನಾಗಿದ್ದೆ ಮಾರಾಯ, ಬಿಟ್ಟ ಮೇಲೆ ಕಾಯಿಲೆ ಶುರುವಾಯ್ತು." ನಾನೂ ಹೇಳಿದ್ದೆ. ತಲೆಭಾರ, ನಿದ್ದೆಗೇಡು, ಬಾಯಿ ಹುಣ್ಣು, ಆಮೇಲೆ ಕಫ. ಯಾವುದು ಮೈ ಸರಿಹೋಗುವ ಲಕ್ಷಣ, ಯಾವುದು ನಿಜವಾದ ಕಾಯಿಲೆ ಅಂತ ಗೊತ್ತಾಗದೆ ಹೋದರೆ ಕೈ ಮತ್ತೆ ಗೂಡಂಗಡಿಯ ಕಡೆಗೇ ಹೋಗುತ್ತದೆ.

ನಾನು ಬಿಟ್ಟಾಗ 41 ವರ್ಷ. ದಿನಕ್ಕೆ 14 ಸಿಗರೇಟು, 19 ವರ್ಷದ ಚಟ. ಅದಕ್ಕೂ ಮುಂಚೆ ಎರಡು ಸಲ ಬಿಟ್ಟು ಸೋತಿದ್ದೆ. ಮೂರನೇ ಸಲ ಒಂದೇ ಒಂದು ಬದಲಾವಣೆ ಮಾಡಿದೆ. ಹಳೇ ನೋಟ್‌ಬುಕ್ಕಿನಲ್ಲಿ ದಿನಾ ನಾಲ್ಕು ವಿಷಯ ಬರೆದಿಟ್ಟೆ: ಬೆಳಗಿನ ನಾಡಿ, ಕುಡಿದ ಕಾಫಿ, ಕೆಮ್ಮು-ಕಫ, ಮನೆಯ ಮೂರು ಮಹಡಿ ಹತ್ತುವಾಗಿನ ಉಸಿರು. ವಾರಕ್ಕೊಮ್ಮೆ ತೂಕ. ಇಷ್ಟೇ. ಮೈಯಲ್ಲಿ ಏನು ಯಾವ ವೇಗದಲ್ಲಿ ಸರಿಹೋಗುತ್ತದೆ ಅನ್ನುವುದು ಈ ನಾಲ್ಕರಲ್ಲೇ ಸಾಕಷ್ಟು ಕಾಣುತ್ತದೆ. ನೀವೂ ಹೀಗೇ ಬರೆದಿಡಬಹುದು.

ಬಿಡುವ ಮುಂಚಿನ ಮೂರು ದಿನ

ಬಿಡುವ ದಿನ ಗೊತ್ತು ಮಾಡಿಕೊಂಡ ಮೇಲೆ ಅದಕ್ಕೂ ಮುಂಚಿನ ಮೂರು ಬೆಳಗ್ಗೆ ನಾಡಿ ಎಣಿಸಿ. ಈ ಅಂಕಿ ಇಲ್ಲದಿದ್ದರೆ ಆಮೇಲಿನ ಯಾವ ಅಂಕಿಗೂ ಅರ್ಥವಿಲ್ಲ. ಎದ್ದು ಮುಖ ತೊಳೆದು, ಕಾಫಿಗೆ ಮುಂಚೆ, ಮೊದಲ ಸಿಗರೇಟಿಗೂ ಮುಂಚೆ, ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ತೋರುಬೆರಳು ಮತ್ತು ಮಧ್ಯದ ಬೆರಳು ಇಟ್ಟು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಹೆಬ್ಬೆರಳಿನಿಂದ ಒತ್ತಿ ಎಣಿಸಬೇಡಿ, ಅದರದ್ದೇ ಮಿಡಿತ ಲೆಕ್ಕ ತಪ್ಪಿಸುತ್ತದೆ. ಇನ್ನೊಂದು ಅಳತೆ ಸಂಜೆ, ಸಿಗರೇಟು ಮುಗಿಸಿದ ಹತ್ತು ನಿಮಿಷಕ್ಕೆ. ನನ್ನದು ಬೆಳಗ್ಗೆ 82ರ ಆಸುಪಾಸು, ಸಿಗರೇಟಿನ ಬೆನ್ನಿಗೇ 94. ಕೂತ ಜಾಗದಿಂದ ಏಳದೇ ಹೃದಯ ಇಷ್ಟು ಓಡುತ್ತಿತ್ತು.

ಬಿಪಿಗೆ ಅಂತ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ತಗೊಳ್ಳುವವರಿಗೆ ನಾಡಿ ಮೊದಲೇ ಕಮ್ಮಿ ಇರುತ್ತದೆ. ಅವರಿಗೆ ಈ ಅಳತೆಯಲ್ಲಿ ದೊಡ್ಡ ವ್ಯತ್ಯಾಸ ಕಾಣದಿರಬಹುದು. ಅವರು ಮೆಟ್ಟಿಲಿನ ಉಸಿರನ್ನೇ ನಂಬಿಕೊಳ್ಳುವುದು ಒಳ್ಳೆಯದು.

ಮೊದಲ ರಾತ್ರಿ ಮತ್ತು ಮೊದಲ ದಿನ

ನನ್ನ ಕೊನೆಯ ಸಿಗರೇಟು ಶನಿವಾರ ರಾತ್ರಿ 10 ಗಂಟೆಗೆ. ಆಗಿನಿಂದ ಮೈಯೊಳಗೆ ಎರಡು ಗಡಿಯಾರ ಒಟ್ಟಿಗೆ ಓಡಲು ಶುರುಮಾಡುತ್ತವೆ.

ಮೊದಲನೆಯದು ನಿಕೋಟಿನ್‌ನದ್ದು. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹತ್ತು ಗಂಟೆಗೆ ನೂರು ಪಾಲು ಇತ್ತು ಅಂತಿಟ್ಟುಕೊಳ್ಳಿ. ಹನ್ನೆರಡಕ್ಕೆ 50, ಎರಡಕ್ಕೆ 25, ಬೆಳಗ್ಗೆ ಆರಕ್ಕೆ 6 ಪಾಲು ಉಳಿದಿರುತ್ತದೆ. ಎದ್ದ ತಕ್ಷಣ ಸಿಗರೇಟು ಬೇಕು ಅನ್ನಿಸುವುದಕ್ಕೆ ಕಾರಣವೂ ಇದೇ, ರಾತ್ರಿಯಿಡೀ ಮೈ ಉಪವಾಸ ಇದ್ದಿರುತ್ತದೆ. ನಿಕೋಟಿನ್ ಅಡ್ರಿನಲಿನ್ ಹರಿಸಿ ಹೃದಯವನ್ನು ಓಡಿಸುತ್ತದೆ, ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಸೇದಿ ಇಪ್ಪತ್ತು ನಿಮಿಷ ಕಳೆಯುವ ಹೊತ್ತಿಗೆ ಆ ಓಟ ಇಳಿಮುಖವಾಗುತ್ತದೆ. ಮಾಮೂಲಿ ದಿನದಲ್ಲಿ ಅದು ಪೂರ್ತಿ ಇಳಿಯುವ ಮುಂಚೆ ನಾವು ಮುಂದಿನದನ್ನು ಹಚ್ಚಿಬಿಡುತ್ತೇವೆ. ಹಚ್ಚದೇ ಹೋದರೆ ಒಂದೆರಡು ದಿನದಲ್ಲಿ ಬಹುತೇಕರ ನಾಡಿ ನಿಮಿಷಕ್ಕೆ 7-8 ಬಡಿತ ಕಮ್ಮಿಯಾಗುತ್ತದೆ. ನನ್ನದು ಸೋಮವಾರ ಬೆಳಗ್ಗೆ 75 ಇತ್ತು.

ಎರಡನೆಯದು ಕಾರ್ಬನ್ ಮಾನಾಕ್ಸೈಡ್‌ನದ್ದು. ಇದು ನಿಕೋಟಿನ್‌ಗೆ ಸಂಬಂಧವೇ ಇಲ್ಲದ ವಿಷ. ಏನನ್ನೇ ಅರೆಬರೆ ಸುಟ್ಟರೂ ಬರುವ ಅನಿಲ, ಬೀಡಿಯಲ್ಲೂ ಇದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿಟ್ಟು ಹೋದ ಹಾಗೆ. ಸೀಟು ಇದೆ, ಆದರೆ ಆಮ್ಲಜನಕ ಕೂರುವಂತಿಲ್ಲ. ಸಾಮಾನ್ಯ ಗಾಳಿ ಉಸಿರಾಡುತ್ತಿದ್ದರೆ ಇದು ನಾಲ್ಕರಿಂದ ಆರು ಗಂಟೆಗೊಮ್ಮೆ ಅರ್ಧವಾಗುತ್ತದೆ.

ಬಿಡುವ ದಿನ ಸಂಜೆ ತಂಬಾಕು ಬಿಡಿಸುವ ಕ್ಲಿನಿಕ್ಕಿನಲ್ಲಿ ಒಂದು ಸಣ್ಣ ಯಂತ್ರಕ್ಕೆ ಊದಿಸಿದ್ದರು. ಉಸಿರಿನಲ್ಲಿ ಹೊರಬರುವ ಈ ಅನಿಲವನ್ನು ಅದು ಅಳೆಯುತ್ತದೆ. 20 ಅಂತ ತೋರಿಸಿತು. ಸೇದದವರಲ್ಲಿ ಅದು ಸಾಮಾನ್ಯವಾಗಿ 6ಕ್ಕಿಂತ ಕಮ್ಮಿ ಇರುತ್ತದೆ. ಐದು ಗಂಟೆಗೊಮ್ಮೆ ಅರ್ಧ ಅಂತ ಲೆಕ್ಕ ಹಾಕಿ. ರಾತ್ರಿ ಹತ್ತಕ್ಕೆ 20, ಬೆಳಗಿನ ಜಾವ ಮೂರಕ್ಕೆ 10, ಎಂಟಕ್ಕೆ 5, ಭಾನುವಾರ ಮಧ್ಯಾಹ್ನ ಒಂದಕ್ಕೆ ಎರಡೂವರೆ. ನಿದ್ದೆಯಲ್ಲಿ ಉಸಿರಾಟ ನಿಧಾನ ಇರುವುದರಿಂದ ಸ್ವಲ್ಪ ತಡವಾಗಬಹುದು, ಓಡಾಡಿದರೆ ಬೇಗ ಹೋಗುತ್ತದೆ. ಸೋಮವಾರ ಮತ್ತೆ ಊದಿದಾಗ 3 ಬಂತು. ಸೊನ್ನೆ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಟ್ರಾಫಿಕ್ಕಿನ ಹೊಗೆ, ಊದುಬತ್ತಿ, ಪಕ್ಕದವರ ಸಿಗರೇಟು ಎಲ್ಲ ಸೇರಿ ಒಂದಿಷ್ಟು ಉಳಿದೇ ಇರುತ್ತದೆ.

ಇಲ್ಲಿ ಒಂದು ಎಚ್ಚರ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿಗೆ ಹಾಕುವ ಆಕ್ಸಿಮೀಟರ್ ಈಗಲೂ ಎಷ್ಟೋ ಮನೆಯ ಡ್ರಾಯರಿನಲ್ಲಿದೆ. ಅದರಲ್ಲಿ ನಾಡಿ ನೋಡಿಕೊಳ್ಳಬಹುದು, ತೊಂದರೆ ಇಲ್ಲ. ಆದರೆ ಆಮ್ಲಜನಕದ ಅಂಕಿ ನೋಡಿ "ಸೇದುವಾಗಲೂ 98 ಇತ್ತು, ಈಗಲೂ 98, ಏನೂ ಬದಲಾಗಿಲ್ಲ" ಅಂದುಕೊಳ್ಳಬೇಡಿ. ಆ ಯಂತ್ರ ರಕ್ತದ ಬಣ್ಣ ನೋಡಿ ಲೆಕ್ಕ ಹಾಕುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವೂ ಕೆಂಪಾಗಿಯೇ ಇರುವುದರಿಂದ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಟವೆಲ್ ಹಾಕಿದ ಸೀಟನ್ನೂ ಅದು ಜನ ಕೂತ ಸೀಟು ಅಂತಲೇ ಎಣಿಸುತ್ತದೆ.

ಎರಡರಿಂದ ನಾಲ್ಕನೇ ದಿನ

ಅಂಕಿಗಳು ಸುಧಾರಿಸುತ್ತಿರುವಾಗಲೇ ಮನುಷ್ಯ ಕೆಟ್ಟುಹೋಗುವ ದಿನಗಳಿವು. ಮೈಯಲ್ಲಿ ನಿಕೋಟಿನ್ ಹೆಚ್ಚುಕಡಿಮೆ ಖಾಲಿ. ಆದರೆ ಮಿದುಳಿನಲ್ಲಿ ಅದಕ್ಕಾಗಿ ಹೆಚ್ಚುವರಿಯಾಗಿ ಬೆಳೆದ ಗ್ರಾಹಕಗಳು ಬಾಯಿ ತೆರೆದುಕೊಂಡೇ ಇರುತ್ತವೆ. ಅವು ಸೇದದವರ ಮಟ್ಟಕ್ಕೆ ಇಳಿಯಲು ಆರರಿಂದ ಹನ್ನೆರಡು ವಾರ ಬೇಕು. ಸಿಟ್ಟು, ಮಂಕು, ಏಕಾಗ್ರತೆ ಇಲ್ಲದಿರುವುದು ಎರಡು-ಮೂರನೇ ದಿನ ತುದಿ ಮುಟ್ಟಿ, ಎರಡರಿಂದ ನಾಲ್ಕು ವಾರದಲ್ಲಿ ತಣ್ಣಗಾಗುತ್ತವೆ. ಹೊಟ್ಟೆ ಕಟ್ಟುವುದೂ ಇದರದ್ದೇ ಭಾಗ. ಕರುಳನ್ನು ನಿಕೋಟಿನ್ ಓಡಿಸುತ್ತಿತ್ತು, ಈಗ ಅದು ತಾನೇ ನಡೆಯಲು ಕಲಿಯಬೇಕು. ಬಾಯಿ ಹುಣ್ಣು ಬಂದರೆ ಗಾಬರಿಯಾಗಬೇಡಿ, ಬಿಟ್ಟ ಮೊದಲ ವಾರಗಳಲ್ಲಿ ಬಹಳ ಜನಕ್ಕೆ ಬರುತ್ತದೆ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಹೋಗುತ್ತದೆ. ಒಂದೇ ಜಾಗದ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ಅಥವಾ ಬಾಯೊಳಗೆ ಬಿಳಿ, ಕೆಂಪು ಕಲೆ ಉಳಿದುಕೊಂಡಿದ್ದರೆ ದಂತವೈದ್ಯರಿಗೆ ತೋರಿಸಿ. ಅದನ್ನು "ಬಿಟ್ಟಿದ್ದರಿಂದ ಬಂದಿದ್ದು" ಅಂತ ಬಿಡುವಂತಿಲ್ಲ.

ನಿಕೋಟಿನ್ ಚ್ಯೂಯಿಂಗ್ ಗಮ್ ಬಳಸಿದರೆ ಇದೆಲ್ಲ ಸಹಿಸಬಹುದಾದ ಮಟ್ಟಕ್ಕೆ ಇಳಿಯುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದವರಿಗೆ 4 ಮಿಲಿಗ್ರಾಂ, ತಡವಾಗಿ ಶುರುಮಾಡುತ್ತಿದ್ದವರಿಗೆ 2 ಮಿಲಿಗ್ರಾಂ ಅನ್ನುವುದು ಸಾಮಾನ್ಯ ಲೆಕ್ಕ. ನಾನು ಹಿಂದಿನ ಸಲ ಸೋತಿದ್ದಕ್ಕೆ ಅರ್ಧ ಕಾರಣ ಅದನ್ನು ಬಬಲ್ ಗಮ್ ಥರ ಅಗಿದಿದ್ದು. ಹಾಗೆ ಅಗಿದರೆ ರಸವೆಲ್ಲ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಬರುತ್ತದೆ, ತಲಬು ಮಾತ್ರ ಹೋಗುವುದಿಲ್ಲ. ಖಾರ ಅಥವಾ ಚುರುಚುರು ಅನ್ನಿಸುವ ತನಕ ನಿಧಾನಕ್ಕೆ ಅಗಿದು, ಕೆನ್ನೆ ಮತ್ತು ಒಸಡಿನ ಮಧ್ಯೆ ಇಟ್ಟು ಸುಮ್ಮನಿರಬೇಕು. ಚುರುಗುಟ್ಟುವುದು ನಿಂತರೆ ಮತ್ತೆ ಎರಡು ಸಲ ಅಗಿದು ಜಾಗ ಬದಲಿಸಿ ಇಡಬೇಕು. ಅರ್ಧ ಗಂಟೆಯಲ್ಲಿ ಅದರ ಕೆಲಸ ಮುಗಿಯುತ್ತದೆ. ಕಾಫಿ, ಹಣ್ಣಿನ ರಸ ಕುಡಿದು ಕಾಲು ಗಂಟೆಯಾದರೂ ಬಿಟ್ಟು ಬಾಯಿಗೆ ಹಾಕಿ. ಅವುಗಳ ಹುಳಿ ಬಾಯಿಯಲ್ಲಿದ್ದರೆ ನಿಕೋಟಿನ್ ಒಳಗೆ ಇಳಿಯುವುದಿಲ್ಲ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಆದವರು ವೈದ್ಯರನ್ನು ಕೇಳಿಯೇ ತಗೊಳ್ಳಬೇಕು. ಗಮ್ ಬಳಸುವವರ ನಾಡಿ ನನ್ನ ಅಂಕಿಗಿಂತ ನಿಧಾನಕ್ಕೆ ಇಳಿಯಬಹುದು, ಏಕೆಂದರೆ ಸ್ವಲ್ಪ ನಿಕೋಟಿನ್ ಒಳಗೆ ಹೋಗುತ್ತಲೇ ಇರುತ್ತದೆ. ಕಾರ್ಬನ್ ಮಾನಾಕ್ಸೈಡ್ ಮಾತ್ರ ಅಷ್ಟೇ ವೇಗದಲ್ಲಿ ಹೋಗುತ್ತದೆ.

ಮಾತಾಡಲು ಒಬ್ಬರು ಬೇಕು ಅನ್ನಿಸಿದರೆ ಸಿಗರೇಟು ಪ್ಯಾಕಿನ ಮೇಲೇ ನಂಬರ್ ಇದೆ: 1800-11-2356. ರಾಷ್ಟ್ರೀಯ ಸಹಾಯವಾಣಿ, ಕರೆ ಉಚಿತ.

ಕಾಫಿಯ ಲೆಕ್ಕ ತಪ್ಪುವುದು

ನನ್ನ ನೋಟ್‌ಬುಕ್ಕಿನಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಪುಟ ಇದು. ಸೋಮವಾರ 75 ಇದ್ದ ನಾಡಿ ಮಂಗಳವಾರ 74 ಆಯಿತು. ಗುರುವಾರ ಬೆಳಗ್ಗೆ 80! ರಾತ್ರಿ ಎರಡರ ತನಕ ನಿದ್ದೆ ಬಂದಿರಲಿಲ್ಲ. ಸಂಜೆ ಎದೆ ಡವಡವ, ಕೈ ಸಣ್ಣಗೆ ನಡುಕ. ಸಿಗರೇಟಂತೂ ಮುಟ್ಟಿರಲಿಲ್ಲ. ಹಿಂದಿನ ಎರಡು ಸಲವೂ ಸರಿಯಾಗಿ ಇದೇ ಹೊತ್ತಿಗೆ "ನನ್ನ ಮೈಗೆ ಇದು ಆಗಿಬರಲ್ಲ" ಅಂತ ಮತ್ತೆ ಹಚ್ಚಿದ್ದೆ.

ಪಕ್ಕದ ಸಾಲು ನೋಡಿದೆ. ಕಾಫಿ: ದಿನಕ್ಕೆ ಐದು ಲೋಟ, ಗಟ್ಟಿ ಡಿಕಾಕ್ಷನ್. ಅದರಲ್ಲೇನೂ ಬದಲಾವಣೆ ಇಲ್ಲ. ಸಮಸ್ಯೆ ಇದ್ದಿದ್ದೇ ಅಲ್ಲಿ.

ಕಾಫಿಯ ಕೆಫೀನನ್ನು ಒಡೆದು ಹೊರಹಾಕುವುದು ನಮ್ಮ ಲಿವರ್. ಅದಕ್ಕಾಗಿ ಅಲ್ಲೊಂದು ಕಿಣ್ವ ಇದೆ. ಹೊಗೆಯಲ್ಲಿರುವ ಟಾರಿನ ಅಂಶಗಳು ಈ ಕಿಣ್ವವನ್ನು ಅಗತ್ಯಕ್ಕಿಂತ ಜಾಸ್ತಿ ಚುರುಕಾಗಿಸಿರುತ್ತವೆ. ಹಾಗಾಗಿ ಸೇದುವವರ ಮೈ ಕೆಫೀನನ್ನು ಸೇದದವರಿಗಿಂತ ಸುಮಾರು ಎರಡು ಪಟ್ಟು ಬೇಗ ಹೊರಹಾಕುತ್ತದೆ. ಐದು ಲೋಟ ಕುಡಿದರೂ ನಮಗೆ ಏನೂ ಆಗುತ್ತಿರಲಿಲ್ಲವಲ್ಲ, ಅದರ ಗುಟ್ಟು ಇದು. ಹೊಗೆ ನಿಂತ ಮೇಲೆ ಕೆಲವು ದಿನಗಳಲ್ಲಿ ಕಿಣ್ವ ತನ್ನ ಹಳೆಯ ವೇಗಕ್ಕೆ ಮರಳುತ್ತದೆ. ಆಗ ಅದೇ ಐದು ಲೋಟ ರಕ್ತದಲ್ಲಿ ಹತ್ತು ಲೋಟದ ಹಾಗೆ ಕೂರುತ್ತದೆ. ನಡುಕ, ನಿದ್ದೆಗೇಡು, ಎದೆಬಡಿತ, ಕಿರಿಕಿರಿ ಎಲ್ಲ ಬರುತ್ತವೆ. ಇವೇ ಲಕ್ಷಣಗಳು ಸಿಗರೇಟು ಬಿಟ್ಟಾಗಲೂ ಬರುವುದರಿಂದ ಯಾರಿಗೂ ಕಾಫಿಯ ಮೇಲೆ ಅನುಮಾನ ಬರುವುದಿಲ್ಲ.

ಇದಕ್ಕೆ ಮದ್ದು ಸುಲಭ. ಬಿಟ್ಟ ದಿನದಿಂದಲೇ ಕಾಫಿ, ಟೀ ಎರಡನ್ನೂ ಅರ್ಧಕ್ಕೆ ಇಳಿಸಿ, ಮಧ್ಯಾಹ್ನ ಮೂರರ ನಂತರ ಬೇಡ. ಪೂರ್ತಿ ನಿಲ್ಲಿಸಬೇಡಿ, ಆಗ ಕಾಫಿ ಬಿಟ್ಟ ತಲೆನೋವು ಬೇರೆ ಸೇರಿಕೊಳ್ಳುತ್ತದೆ. ನಾನು ಗುರುವಾರದಿಂದ ಬೆಳಗ್ಗೆ ಒಂದೂವರೆ ಲೋಟ, ಹನ್ನೊಂದಕ್ಕೆ ಒಂದು ಅಂತ ಮಾಡಿಕೊಂಡೆ. ಭಾನುವಾರ ಬೆಳಗ್ಗೆ ನಾಡಿ 74, ರಾತ್ರಿ ಹನ್ನೊಂದಕ್ಕೆ ನಿದ್ದೆ. ಪೂರ್ತಿ ಕಾಫಿಯದ್ದೇ ಆಟ ಅಂತ ಆಣೆ ಮಾಡಿ ಹೇಳಲಾರೆ, ಆ ವಾರ ಚಟದ ಕಾಟವೂ ಇಳಿಯುವ ಹೊತ್ತು ಅದು. ಆದರೆ ಮೂರು ದಿನ ಅರ್ಧ ಮಾಡಿ ನೋಡಲು ಖರ್ಚೇನೂ ಇಲ್ಲ ಅಲ್ವಾ?

ಇದೇ ಕಿಣ್ವ ಕೆಲವು ಮಾತ್ರೆಗಳನ್ನೂ ಒಡೆಯುತ್ತದೆ. ಆ ವಿಷಯ ಕಾಫಿಯಷ್ಟು ಹಗುರದ್ದಲ್ಲ. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಇವುಗಳ ಮಟ್ಟ ಸಿಗರೇಟು ಬಿಟ್ಟಾಗ ರಕ್ತದಲ್ಲಿ ಏರುತ್ತದೆ, ಕ್ಲೋಜಪಿನ್ ಅಪಾಯದ ಮಟ್ಟಕ್ಕೂ ಹೋಗಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಡೋಸ್ ಬದಲಾಗಬೇಕಾಗಬಹುದು. ಇವುಗಳಲ್ಲಿ ಯಾವುದಾದರೂ ಇದ್ದರೆ ಬಿಡುವ ದಿನಾಂಕವನ್ನು ಮುಂಚೆಯೇ ನಿಮ್ಮ ಡಾಕ್ಟರಿಗೆ ಹೇಳಿ. ನಿಕೋಟಿನ್ ಗಮ್ ತಗೊಂಡರೂ ಈ ಬದಲಾವಣೆ ತಪ್ಪುವುದಿಲ್ಲ. ಕಿಣ್ವವನ್ನು ಓಡಿಸುತ್ತಿದ್ದದ್ದು ಹೊಗೆ, ನಿಕೋಟಿನ್ ಅಲ್ಲ.

ಎರಡನೇ ವಾರದಿಂದ: ಕಸಗುಡಿಸುವವರು ಕೆಲಸಕ್ಕೆ ಬರುತ್ತಾರೆ

ನಮ್ಮ ಶ್ವಾಸನಾಳದ ಒಳಗೋಡೆಯ ಜೀವಕೋಶಗಳ ಮೇಲೆ ಸಿಲಿಯಾ ಅನ್ನುವ ಅತಿ ಸಣ್ಣ ರೋಮಗಳಿವೆ. ಒಂದೊಂದು ಕೋಶದ ಮೇಲೆ ಸುಮಾರು 200. ಇವುಗಳ ಬುಡದಲ್ಲಿ ನೀರಿನಂಥ ತೆಳು ಪದರ, ಅದರ ಮೇಲೆ ಅಂಟಂಟು ಲೋಳೆಯ ಪದರ. ಉಸಿರಿನೊಂದಿಗೆ ಬಂದ ಧೂಳು, ರೋಗಾಣು ಲೋಳೆಗೆ ಅಂಟುತ್ತವೆ. ರೋಮಗಳು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬೀಸಿ ಆ ಲೋಳೆಯನ್ನು ಗಂಟಲಿನ ಕಡೆಗೆ, ನಿಮಿಷಕ್ಕೆ ಕೆಲವೇ ಮಿಲಿಮೀಟರ್‌ಗಳಂತೆ ಮೇಲಕ್ಕೆ ತಳ್ಳುತ್ತವೆ. ಗಾಳಿಗೆ ಬಾಗುವ ಭತ್ತದ ಗದ್ದೆಯ ಹಾಗೆ ಒಂದರ ಹಿಂದೆ ಒಂದು. ಗಂಟಲಿಗೆ ಬಂದದ್ದನ್ನು ನಮಗೆ ಗೊತ್ತೇ ಆಗದಂತೆ ನುಂಗಿಬಿಡುತ್ತೇವೆ. ಆರೋಗ್ಯವಂತರಿಗೆ ಕಫ ಇಲ್ಲ ಅಂತಲ್ಲ, ಅದು ಸದ್ದಿಲ್ಲದೆ ಹೋಗುತ್ತಿರುತ್ತದೆ ಅಷ್ಟೇ.

ವರ್ಷಗಟ್ಟಲೆ ಹೊಗೆ ತಾಗಿದರೆ ಇಲ್ಲಿ ಮೂರು ಹಾನಿ ಆಗುತ್ತದೆ. ರೋಮಗಳು ಮೊಂಡಾಗುತ್ತವೆ. ರೋಮ ಇರುವ ಕೋಶಗಳೇ ಕಮ್ಮಿಯಾಗಿ, ಕೆಲವು ಕಡೆ ಚರ್ಮದಂಥ ಚಪ್ಪಟೆ ಕೋಶಗಳು ಆ ಜಾಗ ಹಿಡಿಯುತ್ತವೆ. ಲೋಳೆ ಸುರಿಸುವ ಕೋಶಗಳು ಮಾತ್ರ ಹೆಚ್ಚುತ್ತವೆ. ಅಂದರೆ ಕಸ ಜಾಸ್ತಿ, ಗುಡಿಸುವವರು ಕಮ್ಮಿ. ಗುಡಿಸುವವರ ಕೆಲಸವನ್ನೆಲ್ಲ ಆಗ ಕೆಮ್ಮೇ ಮಾಡಬೇಕಾಗುತ್ತದೆ. ಸೇದುವವರ ಬೆಳಗಿನ ಆ ಗೊರಗೊರ ಕೆಮ್ಮು ಇದರಿಂದಲೇ. ನಮ್ಮಮ್ಮ ದಿನಾ ನನ್ನ ಕೆಮ್ಮು ಕೇಳಿಯೇ ಹಾಸಿಗೆಯಿಂದ ಏಳುತ್ತಿದ್ದರು.

ಬಿಟ್ಟ ಮೇಲೆ ಉಳಿದ ರೋಮಗಳ ಬೀಸು ಮೊದಲು ಸುಧಾರಿಸುತ್ತದೆ, ಇದು ವಾರಗಳ ಮಾತು. ಇದನ್ನು ಅಳೆಯಲು ಒಂದು ಸರಳ ಪರೀಕ್ಷೆ ಇದೆ. ಮೂಗಿನೊಳಗೆ ಸ್ಯಾಕರಿನ್‌ನ ಒಂದು ಕಣ ಇಟ್ಟು, ಗಂಟಲಿನಲ್ಲಿ ಸಿಹಿ ಗೊತ್ತಾಗಲು ಎಷ್ಟು ನಿಮಿಷ ಬೇಕು ಅಂತ ವೈದ್ಯರು ನೋಡುತ್ತಾರೆ. ಮೂಗಿನಲ್ಲೂ ಇದೇ ರೋಮಗಳಿವೆ. ಸಾಮಾನ್ಯವಾಗಿ 20 ನಿಮಿಷದೊಳಗೆ ಸಿಹಿ ಬರಬೇಕು, ಸೇದುವವರಲ್ಲಿ ತಡವಾಗುತ್ತದೆ, ಬಿಟ್ಟವರಲ್ಲಿ ಮತ್ತೆ ಬೇಗ ಬರುತ್ತದೆ. ಗೋಡೆಯ ಕೋಶಗಳೇ ಬದಲಾಗಿ ಹೊಸ ರೋಮ ಬೆಳೆಯುವುದು ಮಾತ್ರ ತಿಂಗಳುಗಳ ಕೆಲಸ. ಒಂದರಿಂದ ಒಂಬತ್ತು ತಿಂಗಳು ಅನ್ನುವುದು ಸಾಮಾನ್ಯವಾಗಿ ಕೊಡುವ ಅವಧಿ.

ಈ ನಡುವೆ ಕೆಲವರಿಗೆ ಕಫ, ಕೆಮ್ಮು ಕೆಲವು ವಾರ ಜಾಸ್ತಿಯಾಗುತ್ತದೆ. ಎಲ್ಲರಿಗೂ ಅಲ್ಲ. ಎಷ್ಟೋ ಜನರಿಗೆ ಮೊದಲ ತಿಂಗಳಿನಿಂದಲೇ ಕಮ್ಮಿಯಾಗುತ್ತಾ ಹೋಗುತ್ತದೆ. ಕಫ ಬರಲಿಲ್ಲ ಅಂತ ಯೋಚನೆ ಮಾಡಬೇಡಿ. ನನಗೆ ಹತ್ತನೇ ದಿನ ಶುರುವಾಗಿ, ಬೂದು ಬಣ್ಣದ ಎಳೆ ಬೆರೆತ ಕಫ ಮೂರನೇ ವಾರದ ಕೊನೆಯ ತನಕ ಬಂತು. ಬೆಳಗ್ಗೆ ಮಾತ್ರ, ಎರಡು ಮೂರು ಸಲ.

ಅದನ್ನು ಹೊರಗೆ ತರಲು ಗಂಟಲು ಹರಿಯುವಂತೆ ಕೆಮ್ಮಬೇಡಿ. ಫಿಸಿಯೋಥೆರಪಿಯವರು ಹೇಳಿಕೊಡುವ ವಿಧಾನ ಹೀಗಿದೆ. ನೆಟ್ಟಗೆ ಕೂತು ನಾಲ್ಕೈದು ನಿಧಾನದ ಉಸಿರು ತಗೊಳ್ಳಿ. ಆಮೇಲೆ ಒಂದು ಆಳವಾದ ಉಸಿರೆಳೆದು ಎರಡು ಮೂರು ಸೆಕೆಂಡ್ ಹಿಡಿಯಿರಿ. ಬಾಯಿ, ಗಂಟಲು ಅಗಲಿಸಿ, ಕನ್ನಡಕದ ಗಾಜಿಗೆ ಆವಿ ಹಿಡಿಸುವಾಗ ಮಾಡುವಂತೆ "ಹಾ..." ಅಂತ ಹೊಟ್ಟೆಯಿಂದ ಜೋರಾಗಿ ಊದಿ. ಎರಡು ಸಲ ಹೀಗೆ ಮಾಡಿದರೆ ಕಫ ಮೇಲಕ್ಕೆ ಬಂದಿದ್ದು ಗೊತ್ತಾಗುತ್ತದೆ. ಆಗ ಒಂದು ಸಲ ಕೆಮ್ಮಿ ಉಗುಳಿ. ತಲೆ ತಿರುಗಿದರೆ ನಿಲ್ಲಿಸಿ. ಕೆಮ್ಮನ್ನು ಅದುಮುವ ಸಿರಪ್ಪನ್ನು ನೀವಾಗಿಯೇ ತಂದು ಕುಡಿಯಬೇಡಿ. ಹೊರಗೆ ಬರಬೇಕಾದದ್ದು ಒಳಗೇ ಉಳಿಯುತ್ತದೆ.

ಇಲ್ಲೇ ಬೆಲ್ಲದ ವಿಷಯ ಹೇಳಿಬಿಡುತ್ತೇನೆ. ಧೂಳಿನ ಕೆಲಸ ಮಾಡುವವರು ಬೆಲ್ಲ ತಿಂದರೆ ಎದೆ ಶುದ್ಧವಾಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿದೆ. ಈಗ ಅದೇ ಜಾಗಕ್ಕೆ ಶ್ವಾಸಕೋಶ ತೊಳೆಯುವ ಕಷಾಯದ ಪುಡಿ ಅಂತ ಮಾರಾಟವಾಗುತ್ತದೆ. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಶ್ವಾಸನಾಳಕ್ಕಲ್ಲ. ಬಿಸಿನೀರು ಗಂಟಲಿಗೆ ಹಿತ, ಕುಡಿಯಿರಿ. ರೋಮ ಬೆಳೆಸುವ ಕಷಾಯ ಯಾವುದೂ ಇಲ್ಲ.

ಯಾವ ಕೆಮ್ಮು ಬಿಟ್ಟಿದ್ದರದ್ದಲ್ಲ

ಇದನ್ನು ಸ್ವಲ್ಪ ನಿಧಾನಕ್ಕೆ ಓದಿ. ನಮ್ಮ ದೇಶದಲ್ಲಿ ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು ಅನ್ನುವುದು ಕ್ಷಯರೋಗ ಕಾರ್ಯಕ್ರಮದ ನಿಯಮ. ಸೇದುವವರಿಗೆ, ಸೇದಿ ಬಿಟ್ಟವರಿಗೆ ಕ್ಷಯ ಬರುವ ಸಾಧ್ಯತೆಯೂ ಜಾಸ್ತಿ. ಹಾಗಾಗಿ "ಎದೆ ಶುದ್ಧವಾಗ್ತಿದೆ, ಬಿಡು" ಅಂತ ತಿಂಗಳು ದೂಡುವುದು ಅಪಾಯ. ನಾನು ಮೂರನೇ ವಾರ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಟ್ಟು ಬಂದೆ. ಪರೀಕ್ಷೆ ಉಚಿತ. ಏನೂ ಇರಲಿಲ್ಲ, ಮನಸ್ಸು ಹಗುರಾಯಿತು.

ಎರಡು ವಾರ ಕಾಯದೆಯೂ ಹೋಗಬೇಕಾದ ಸಂದರ್ಭಗಳಿವೆ. ಕಫದಲ್ಲಿ ರಕ್ತ, ಒಂದು ಗೆರೆಯಷ್ಟಾದರೂ ಸರಿ. ಜ್ವರದ ಜೊತೆ ಹಳದಿ-ಹಸಿರು ಕಫ. ಸಂಜೆ ಜ್ವರ, ರಾತ್ರಿ ಬೆವರು. ಹೊಸದಾಗಿ ಬಂದ ಧ್ವನಿ ಬದಲಾವಣೆ. ಎದೆನೋವು ಅಥವಾ ಕೂತಲ್ಲೇ ಉಸಿರು ಕಟ್ಟುವುದಾದರೆ ಅದೇ ಗಳಿಗೆ ಹೊರಡಿ.

ನೋಟ್‌ಬುಕ್ಕಿನ ತೂಕದ ಸಾಲು ಉಪಯೋಗಕ್ಕೆ ಬರುವುದು ಇಲ್ಲಿ. ಸಿಗರೇಟು ಬಿಟ್ಟವರ ತೂಕ ಸಾಮಾನ್ಯವಾಗಿ ಏರುತ್ತದೆ. ಒಂದು ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ, ಅದರಲ್ಲಿ ಹೆಚ್ಚಿನದು ಮೊದಲ ಮೂರು ತಿಂಗಳಲ್ಲೇ. ನನ್ನ ಪ್ಯಾಂಟುಗಳೇ ಸಾಕ್ಷಿ. ಹಾಗಿರುವಾಗ ಬಿಟ್ಟ ಮೇಲೆ ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಅದು ಲೆಕ್ಕಕ್ಕೆ ಹೊಂದುವುದಿಲ್ಲ. ಕೆಮ್ಮಿನ ಜೊತೆ ತೂಕ ಇಳಿದರಂತೂ ತಡ ಮಾಡಬೇಡಿ.

ಮೂರನೇ ತಿಂಗಳಿಂದ ಆಚೆ

ನನ್ನ ಪುಟಗಳಲ್ಲಿ ಇಲ್ಲಿಂದ ಮುಂದೆ ಬರೆಯುವುದೇ ಕಮ್ಮಿ ಇದೆ. ನಾಡಿ 72-74ರಲ್ಲಿ ನಿಂತುಬಿಟ್ಟಿತು, ಅದು ತನ್ನ ಕೆಲಸ ಮುಗಿಸಿತ್ತು. ಮೂರು ಮಹಡಿ ಹತ್ತಿದ ಮೇಲೆ ಬೀಗ ತೆಗೆಯುವ ಮುಂಚೆ ನಿಲ್ಲಬೇಕಾಗಿದ್ದದ್ದು ಎರಡನೇ ತಿಂಗಳಲ್ಲಿ ತಪ್ಪಿತು. ಐದನೇ ತಿಂಗಳ ಹೊತ್ತಿಗೆ ಬೆಳಗಿನ ಕೆಮ್ಮು ಪೂರ್ತಿ ನಿಂತಿತ್ತು. ಅಮ್ಮ ಮೊಬೈಲಿನಲ್ಲಿ ಅಲಾರಂ ಇಡುವುದು ಹೇಗೆ ಅಂತ ಕೇಳಿದ್ದು ಆಗಲೇ.

ನಡುವೆ ನಾಲ್ಕನೇ ತಿಂಗಳಲ್ಲಿ ಒಂದು ಮದುವೆಯಲ್ಲಿ ಎರಡು ಸಿಗರೇಟು ಸೇದಿದೆ. ಮುಚ್ಚಿಡುವುದೇನಿಲ್ಲ. ಮಾರನೇ ಬೆಳಗ್ಗೆ ನಾಡಿ 78, ಅದರ ಮಾರನೇ ದಿನ 74. ನಾಲ್ಕು ತಿಂಗಳಲ್ಲಿ ಬೆಳೆದ ಕೋಶಗಳು ಎರಡು ಸಿಗರೇಟಿಗೆ ಉದುರಿಹೋಗುವುದಿಲ್ಲ. ಕಾಟ ಕೊಟ್ಟಿದ್ದು ತಲಬು, ಅದು ಮಾತ್ರ ಒಂದು ವಾರ ಹಿಂದಕ್ಕೆ ಎಳೆಯಿತು. ಆ ವಾರ ಗಮ್ ತಗೊಂಡೆ.

ಎಲ್ಲವೂ ಮರಳಿ ಬರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಶ್ವಾಸನಾಳದ ಒಳಗೋಡೆ ಹೊಸದಾಗುತ್ತದೆ. ಆದರೆ ಅದರ ತುದಿಯ ಗಾಳಿಚೀಲಗಳು ಹರಿದು ಒಂದಾಗಿದ್ದರೆ, ವೈದ್ಯರು ಎಂಫಿಸೀಮಾ ಅನ್ನುವುದು ಅದನ್ನೇ, ಅವು ಮತ್ತೆ ಕಟ್ಟಿಕೊಳ್ಳುವುದಿಲ್ಲ. ಅಲ್ಲಿ ಸಿಗುವ ಲಾಭ ಬೇರೆ ಥರದ್ದು. ಅಮೆರಿಕ ಮತ್ತು ಕೆನಡಾದಲ್ಲಿ ಶ್ವಾಸಕೋಶ ಆಗಲೇ ಸ್ವಲ್ಪ ಹಾಳಾಗಿದ್ದ ಸುಮಾರು ಆರು ಸಾವಿರ ಮಧ್ಯವಯಸ್ಸಿನವರನ್ನು 11 ವರ್ಷ ಹಿಂಬಾಲಿಸಿದ ಅಧ್ಯಯನ ಒಂದಿದೆ. ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಯನ್ನು ಅಳೆದರು. ಸೇದುತ್ತಲೇ ಇದ್ದ ಗಂಡಸರಲ್ಲಿ ಅದು ವರ್ಷಕ್ಕೆ ಸುಮಾರು 66 ಮಿಲಿಲೀಟರ್ ಕಮ್ಮಿಯಾಗುತ್ತಾ ಹೋಯಿತು. ಬಿಟ್ಟು ಹಾಗೇ ಉಳಿದವರಲ್ಲಿ ಸುಮಾರು 30 ಮಾತ್ರ. ವಯಸ್ಸಾಗುತ್ತಾ ಸೇದದವರಿಗೂ ಹತ್ತಿರಹತ್ತಿರ ಅಷ್ಟು ಇಳಿಯುತ್ತದೆ. ಅಂದರೆ ಕಳೆದದ್ದು ಬಹುಪಾಲು ಕಳೆದ ಹಾಗೇ, ಸೋರುವ ವೇಗ ಮಾತ್ರ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ.

ನಿಮ್ಮಲ್ಲಿ ಎಷ್ಟು ಕಳೆದಿದೆ ಅಂತ ತಿಳಿಯಲು ಮಾಡಿಸಬೇಕಾದ ಪರೀಕ್ಷೆಯ ಹೆಸರು ಸ್ಪೈರೋಮೆಟ್ರಿ. ಎಕ್ಸ್‌ರೇ ಚೆನ್ನಾಗಿದೆ ಅಂದರೆ ಸಾಲದು, ಶುರುವಿನ ಹಾನಿ ಅದರಲ್ಲಿ ಕಾಣುವುದಿಲ್ಲ. ನಲವತ್ತು ದಾಟಿದವರು, ಬಿಟ್ಟು ಮೂರು ತಿಂಗಳಾದ ಮೇಲೂ ಮೆಟ್ಟಿಲಿನಲ್ಲಿ ಉಸಿರು ಸಾಲದವರು ಕೇಳಿ ಮಾಡಿಸಿಕೊಳ್ಳಿ. ಊದುವಾಗ ಅರ್ಧಕ್ಕೆ ನಿಲ್ಲಿಸಿದರೆ ಅಂಕಿ ಸುಳ್ಳು ಬರುತ್ತದೆ. ಹೊಟ್ಟೆ ಒಳಕ್ಕೆ ಹೋಗುವ ತನಕ, ಅವರು ಸಾಕು ಅನ್ನುವ ತನಕ ಊದಬೇಕು. ನಾನು ಒಂಬತ್ತನೇ ತಿಂಗಳಲ್ಲಿ ಮಾಡಿಸಿದೆ. ವಯಸ್ಸಿಗೆ ಇರಬೇಕಾದದ್ದರಲ್ಲಿ ನೂರಕ್ಕೆ 84 ಇತ್ತು. ಆ ಹಾಳೆಯನ್ನು ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಅಂಟಿಸಿ, ಪಕ್ಕದಲ್ಲಿ ಮುಂದಿನ ವರ್ಷದ ಅದೇ ತಿಂಗಳನ್ನು ಬರೆದಿಟ್ಟಿದ್ದೇನೆ.